ಪಲ್ಪರ್ ಲೈನಿನ ವಾಲ್ವ್ ಅದುರುತ್ತದೆ, ಮುಚ್ಚಿದರೂ ನೀರು ನಿಲ್ಲುವುದಿಲ್ಲ: ದೋಷ ಎಲ್ಲಿದೆ, ಬದಲಿಗೆ ಯಾವ ವಾಲ್ವ್ ಹಾಕಬೇಕು

ಕೊಡಗಿನ ಕಾಫಿ ತೋಟಗಳಲ್ಲಿ ಹಣ್ಣು ಕೊಯ್ಲು ಶುರುವಾಯಿತೆಂದರೆ ಈ ದೂರು ಬಂದೇ ಬರುತ್ತದೆ. ಗುಡ್ಡದ ಮೇಲಿನ ಟ್ಯಾಂಕಿನಿಂದ ಪೈಪ್ ಇಳಿದು, ಹಣ್ಣಿನ ಸಿಪ್ಪೆ ಸುಲಿಯುವ ಯಂತ್ರವಿರುವ ಪಲ್ಪರ್ ಮನೆಗೆ ಬಂದಿರುತ್ತದೆ. ಅಲ್ಲಿ ಒಂದು ಗೇಟ್ ವಾಲ್ವ್ ಇರುತ್ತದೆ. ಪೂರ್ತಿ ತೆರೆದರೆ ಪಲ್ಪರಿಗೆ ಬೇಕಾದದ್ದಕ್ಕಿಂತ ಎಷ್ಟೋ ಜಾಸ್ತಿ ನೀರು ಬೀಳುತ್ತದೆ, ತೊಳೆದ ನೀರೆಲ್ಲ ಗುಂಡಿ ತುಂಬಿ ಹೊರಗೆ ಹರಿಯುತ್ತದೆ. ಸರಿ, ಸ್ವಲ್ಪ ಕಮ್ಮಿ ಮಾಡೋಣ ಎಂದು ಅರ್ಧ ಮುಚ್ಚಿದರೆ ಏನೂ ವ್ಯತ್ಯಾಸ ಕಾಣುವುದಿಲ್ಲ. ಇನ್ನೂ ಮುಚ್ಚುತ್ತಾ ಹೋದರೆ ಕೊನೆಯ ಒಂದೆರಡು ಸುತ್ತಿನಲ್ಲಿ ನೀರು ಒಮ್ಮೆಲೇ ಇಳಿಯುತ್ತದೆ, ವಾಲ್ವ್ ಗಡಗಡ ಸದ್ದು ಮಾಡುತ್ತದೆ, ಹಿಡಿಕೆ ಕೈಯಲ್ಲೇ ನಡುಗುತ್ತದೆ. ಹಾಗೇ ಒಂದು ಸೀಸನ್ ಓಡಿಸಿದ ಮೇಲೆ ಪೂರ್ತಿ ಮುಚ್ಚಿದರೂ ನೀರು ನಿಲ್ಲುವುದಿಲ್ಲ. ರಾತ್ರಿ ಬೆಳಗಾಗುವುದರೊಳಗೆ ಮೇಲಿನ ಟ್ಯಾಂಕ್ ಖಾಲಿ.

ಇಂಥ ಕಡೆ ಸಾಮಾನ್ಯವಾಗಿ ಮಾಡುವುದು ಒಂದೇ. ಅಂಗಡಿಗೆ ಹೋಗಿ ಅದೇ ಅಳತೆಯ ಇನ್ನೊಂದು ಗೇಟ್ ವಾಲ್ವ್ ತಂದು ಹಾಕುವುದು. ಮುಂದಿನ ಸೀಸನ್‌ಗೆ ಅದೂ ಹಾಗೇ ಆಗುತ್ತದೆ. ಮಾಲು ಕೆಟ್ಟದ್ದು ಎಂದು ಕಂಪನಿಯನ್ನು ಬೈಯುವವರನ್ನು ನಾನು ತುಂಬಾ ನೋಡಿದ್ದೇನೆ. ಹೆಚ್ಚಿನ ಸಲ ಮಾಲು ಸರಿಯಾಗಿಯೇ ಇರುತ್ತದೆ. ಆ ಜಾಗದ ಕೆಲಸಕ್ಕೆ ಅದು ತಕ್ಕದ್ದಲ್ಲ, ಅಷ್ಟೇ.

ಸುಂಟಿಕೊಪ್ಪ ಕಡೆಯ ಒಂದು ತೋಟದ ಲೈನನ್ನೇ ಇಟ್ಟುಕೊಂಡು ಹಂತ ಹಂತವಾಗಿ ಹೇಳುತ್ತೇನೆ. ಟ್ಯಾಂಕಿನ ನೀರಿನ ಮಟ್ಟ ಪಲ್ಪರ್ ಮನೆಗಿಂತ 12 ಮೀಟರ್ ಮೇಲೆ. ನಡುವೆ 150 ಮೀಟರ್ ಉದ್ದದ ಎರಡು ಇಂಚಿನ ಪಿವಿಸಿ ಪೈಪ್, ಒಳ ಅಳತೆ ಸುಮಾರು 50 ಮಿ.ಮೀ. ಪಲ್ಪರಿಗೂ ತೊಳೆಯುವ ತೊಟ್ಟಿಗೂ ಸೇರಿ ಬೇಕಾದದ್ದು ನಿಮಿಷಕ್ಕೆ 90 ಲೀಟರ್.

ಮೊದಲು, ಅದು ನಿಜವಾಗಿ ವಾಲ್ವಿನ ದೋಷವೇ ನೋಡಿ

ಸದ್ದು ಬಂದ ಕೂಡಲೇ ವಾಲ್ವ್ ಬಿಚ್ಚಬೇಡಿ. ನಮ್ಮ ಗುಡ್ಡಗಳಲ್ಲಿ ಪೈಪ್ ಏರಿ ಇಳಿದು ಬರುತ್ತದೆ, ಏರಿದ ಕಡೆ ಗಾಳಿ ಕಟ್ಟಿಕೊಳ್ಳುತ್ತದೆ. ಗಾಳಿಯಿಂದಾದ ತೊಂದರೆಯಲ್ಲಿ ನೀರು ಬಾಯಿಂದ ಉಗುಳಿದ ಹಾಗೆ ಬರುತ್ತದೆ: ಒಂದು ಕ್ಷಣ ಬಿಳಿ ನೊರೆ, ಒಂದು ಕ್ಷಣ ಬರೀ ಗಾಳಿ, ಮತ್ತೆ ನೀರು. ವಾಲ್ವ್ ಪೂರ್ತಿ ತೆರೆದಿದ್ದರೂ ಹಾಗೇ ಇರುತ್ತದೆ. ಅಂಥದ್ದಕ್ಕೆ ಯಾವ ವಾಲ್ವ್ ಬದಲಾಯಿಸಿದರೂ ಉಪಯೋಗವಿಲ್ಲ, ಪೈಪಿನ ಎತ್ತರದ ಜಾಗದಲ್ಲಿ ಗಾಳಿ ಹೋಗಲು ದಾರಿ ಮಾಡಬೇಕು. ವಾಲ್ವಿನ ದೋಷವಾದರೆ ಪೂರ್ತಿ ತೆರೆದಾಗ ಸದ್ದೇ ಇರುವುದಿಲ್ಲ, ಮುಚ್ಚುತ್ತಾ ಬಂದಾಗ ಮಾತ್ರ ಶುರುವಾಗುತ್ತದೆ.

ಸದ್ದಿನಲ್ಲೂ ಎರಡು ಬಗೆ. ಟಕ ಟಕ ಎಂದು ಬಡಿದ ಹಾಗಿದ್ದು, ಹಿಡಿಕೆಯ ಮೇಲೆ ಕೈಯಿಟ್ಟರೆ ಆ ಬಡಿತ ಕೈಗೇ ತಿಳಿಯುವಂತಿದ್ದರೆ, ನೀರನ್ನು ತಡೆಯುವ ಒಳಗಿನ ತಟ್ಟೆ, ಅಂದರೆ ಗೇಟು, ತಾನು ಜಾರುವ ತೋಡಿನಲ್ಲಿ ಹಿಂದೆ ಮುಂದೆ ಅಲುಗುತ್ತಿದೆ. ಬಡಿತವಿಲ್ಲದೆ, ಪೈಪಿನೊಳಗೆ ಸಣ್ಣ ಜಲ್ಲಿ ಹರಿಯುತ್ತಿರುವಂತೆ ಒಂದೇ ಸಮನೆ ಸದ್ದು ಬಂದರೆ, ಸಂದಿಯಲ್ಲಿ ನೀರಿನ ಒತ್ತಡ ತೀರಾ ಇಳಿದು ಅಲ್ಲೇ ಆವಿಯ ಗುಳ್ಳೆ ಹುಟ್ಟಿ ಒಡೆಯುತ್ತಿದೆ. ಎರಡನೆಯದು ಲೋಹವನ್ನೇ ತಿನ್ನುತ್ತದೆ, ಅದನ್ನು ತಡಮಾಡದೆ ಗಮನಿಸಬೇಕು.

ಸೋರಿಕೆಯೂ ಹಾಗೆಯೇ. ಹಿಡಿಕೆಯ ಕಂಬಿಯ ಸುತ್ತ ನೀರು ಜಿನುಗಿದರೆ ಅದು ಗ್ಲ್ಯಾಂಡಿನ ಸೋರಿಕೆ. ನಟ್ಟನ್ನು ಸ್ವಲ್ಪ ಬಿಗಿ ಮಾಡಿ, ನಿಲ್ಲದಿದ್ದರೆ ದಾರ ಹೊಸದಾಗಿ ಸುತ್ತಿ. ವಾಲ್ವ್ ಮುಚ್ಚಿದ್ದರೂ ಮುಂದಿನ ಬಾಯಲ್ಲಿ ನೀರು ಬರುತ್ತಿದ್ದರೆ ಅದು ಸೀಟಿನ, ಅಂದರೆ ಮುಚ್ಚಿದಾಗ ಗೇಟು ಒತ್ತಿ ಕೂರುವ ಜಾಗದ ಸೋರಿಕೆ. ಆಗಲೂ ಮೊದಲು ಎರಡು ಸುತ್ತು ತೆರೆದು ನೀರು ಜೋರಾಗಿ ಹರಿಯಲು ಬಿಟ್ಟು ಮತ್ತೆ ಮುಚ್ಚಿ. ನಿಂತರೆ ಕಸವೋ ಮರಳೋ ಸಿಕ್ಕಿಕೊಂಡಿತ್ತು, ಅಷ್ಟೇ. ನಿಲ್ಲದಿದ್ದರೆ ಸೀಟು ಕೊರೆದು ಹೋಗಿದೆ. ದಯವಿಟ್ಟು ಪೈಪ್ ರೆಂಚ್ ಹಾಕಿ ಒತ್ತಿ ತಿರುಗಿಸಬೇಡಿ. ಕೊರೆದ ಸೀಟು ಒತ್ತಿದರೆ ಸರಿಹೋಗುವುದಿಲ್ಲ, ಕಂಬಿ ಗೇಟಿನಿಂದ ಕಿತ್ತುಬರುತ್ತದೆ. ಹಾಗೆ ಕಿತ್ತುಬಂದಿದ್ದರೆ ತಿಳಿಯುವುದು ಸುಲಭ: ಹಿಡಿಕೆ ಎರಡೂ ಕಡೆ ಆರಾಮಾಗಿ ತಿರುಗುತ್ತದೆ, ನೀರು ಮಾತ್ರ ಕಮ್ಮಿಯೂ ಆಗುವುದಿಲ್ಲ, ಜಾಸ್ತಿಯೂ ಆಗುವುದಿಲ್ಲ.

ಡ್ರಮ್ಮು, ಗಡಿಯಾರ, ಪ್ರೆಶರ್ ಗೇಜ್

ವಾಲ್ವಿಗಿಂತ ಒಂದು ಮೊಳ ಹಿಂದೆ, ಅಂದರೆ ಟ್ಯಾಂಕಿನ ಕಡೆ, ಪೈಪಿಗೆ ಒಂದು ಗೇಜ್ ಕೂರಿಸಿ. ಬಾಯಿಗೆ 200 ಲೀಟರಿನ ಡ್ರಮ್ ಇಡಿ. ಇಷ್ಟರ ನೀರಿಗೆ ಬಕೆಟ್ ಸಾಲದು, ಐದಾರು ಸೆಕೆಂಡಿಗೆ ತುಂಬಿಬಿಡುತ್ತದೆ, ಲೆಕ್ಕ ತಪ್ಪುತ್ತದೆ.

ವಾಲ್ವ್ ಮುಚ್ಚಿ ಗೇಜ್ ನೋಡಿದರೆ ನಿಂತ ನೀರಿನ ಒತ್ತಡ ಸಿಗುತ್ತದೆ. ಈ ತೋಟದಲ್ಲಿ 1.2 ಕೆ.ಜಿ., ಅಂದರೆ 12 ಮೀಟರ್. ಟ್ಯಾಂಕಿನ ಎತ್ತರಕ್ಕೆ ಸರಿಹೊಂದಿತು. ಈಗ ಪೂರ್ತಿ ತೆರೆದಾಗ ಡ್ರಮ್ ತುಂಬಲು ಸುಮಾರು 53 ಸೆಕೆಂಡ್, ಅಂದರೆ ನಿಮಿಷಕ್ಕೆ 226 ಲೀಟರ್. ಗೇಜ್ ಮುಳ್ಳು ಹತ್ತಿರಹತ್ತಿರ ಸೊನ್ನೆಗೆ ಇಳಿಯಿತು. ಇದು ಸರಿಯಾದ ಲಕ್ಷಣವೇ. 12 ಮೀಟರ್ ಒತ್ತಡವೂ 150 ಮೀಟರ್ ಪೈಪಿನ ಉಜ್ಜುವಿಕೆಯಲ್ಲಿ ಖರ್ಚಾಗಿ ಬಂದಿದೆ, ವಾಲ್ವ್ ಏನೂ ತಡೆಯುತ್ತಿಲ್ಲ.

ಗೇಜಿನಿಂದ ಇನ್ನೊಂದು ವಿಷಯವೂ ಗೊತ್ತಾಗುತ್ತದೆ. ಪೂರ್ತಿ ತೆರೆದಿದ್ದರೂ ನೀರು ಕಮ್ಮಿ, ಮುಳ್ಳು ಮಾತ್ರ ಮೇಲೇ ನಿಂತಿದೆ ಎಂದರೆ ತಡೆ ವಾಲ್ವಿನಲ್ಲಿ ಅಥವಾ ಅದರ ಮುಂದೆ ಇದೆ. ನೀರೂ ಕಮ್ಮಿ, ಮುಳ್ಳೂ ಕೆಳಗೆ ಎಂದರೆ ತಡೆ ಮೇಲೆಲ್ಲೋ ಇದೆ: ಟ್ಯಾಂಕಿನ ಜಾಲರಿಗೆ ಎಲೆ ಮೆತ್ತಿಕೊಂಡಿರಬಹುದು, ಪೈಪಿನಲ್ಲಿ ಕೆಸರು ಕೂತಿರಬಹುದು, ಅಥವಾ ಯಾರೋ ಮೇಲೆ ಬೇಡದ ವಾಲ್ವ್ ಹಾಕಿರಬಹುದು.

ಆಮೇಲೆ ಹಿಡಿಕೆಯ ಸುತ್ತು ಎಣಿಸುತ್ತಾ ಮುಚ್ಚಬೇಕು. ಸಣ್ಣ ಗೇಟ್ ವಾಲ್ವುಗಳಲ್ಲಿ ಕಂಬಿ ಮೇಲೇಳುವುದಿಲ್ಲ, ಹೊರಗಿನಿಂದ ನೋಡಿ ಗೇಟು ಎಲ್ಲಿದೆ ಎಂದು ಹೇಳಲು ಆಗುವುದಿಲ್ಲ. ಸುತ್ತು ಎಣಿಸುವುದೊಂದೇ ದಾರಿ. ಈ ಲೈನಿಗೆ ಲೆಕ್ಕ ಹಾಕಿದರೆ ಹೀಗೆ ಬರುತ್ತದೆ:

| ಗೇಟ್ ವಾಲ್ವ್ ಎಷ್ಟು ತೆರೆದಿದೆ | ನಿಮಿಷಕ್ಕೆ ಎಷ್ಟು ಲೀಟರ್ |
|---|---|
| ಪೂರ್ತಿ | 226 |
| ಮುಕ್ಕಾಲು | 226 |
| ಅರ್ಧ | 222 |
| ಕಾಲು | 201 |

ಮುಕ್ಕಾಲು ಭಾಗ ಮುಚ್ಚಿದರೂ ಇನ್ನೂ 201 ಲೀಟರ್ ಬರುತ್ತಿದೆ! ಬೇಕಾದದ್ದು 90. ಅಂದರೆ 201ರಿಂದ ಸೊನ್ನೆಯವರೆಗಿನ ಇಡೀ ಇಳಿತ ಕೊನೆಯ ಕಾಲು ಭಾಗದಲ್ಲೇ ಆಗಬೇಕು. ತಿರುಗಿಸುವವರಿಗೆ ಅನ್ನಿಸುವುದು ಅದೇ ಅಲ್ವಾ? "ಎಷ್ಟು ತಿರುಗಿಸಿದರೂ ಕಮ್ಮಿ ಆಗಲ್ಲ ಸಾರ್, ಆಮೇಲೆ ಒಮ್ಮೆಲೇ ನಿಂತುಬಿಡುತ್ತೆ" ಎಂದು ಆ ತೋಟದ ಮೇಸ್ತ್ರಿ ಹೇಳಿದ್ದು ಈ ಪಟ್ಟಿಗೆ ಸರಿಯಾಗಿ ಹೊಂದುತ್ತದೆ.

ಹೀಗೆ ಯಾಕೆ ಆಗುತ್ತದೆ

ಪ್ರತಿ ವಾಲ್ವಿಗೂ ಒಂದು ತಡೆಯ ಅಂಕಿ ಇದೆ, ಅದನ್ನು K ಎಂದು ಬರೆಯುತ್ತಾರೆ. ನೀರಿನ ವೇಗದಿಂದ ಬರುವ ಒತ್ತಡದ ಎಷ್ಟು ಪಟ್ಟನ್ನು ಆ ವಾಲ್ವ್ ತಿನ್ನುತ್ತದೆ ಎಂಬುದೇ ಆ ಅಂಕಿ. ಗೇಟ್ ವಾಲ್ವ್ ಪೂರ್ತಿ ತೆರೆದಾಗ ಸುಮಾರು 0.2, ಅರ್ಧ ಮುಚ್ಚಿದಾಗ ಸುಮಾರು 2, ಮುಕ್ಕಾಲು ಮುಚ್ಚಿದಾಗ 17ರ ಆಸುಪಾಸು. ಪೂರ್ಣ ಬೋರಿನ, ಅಂದರೆ ಒಳಗಿನ ಗುಂಡಿನ ತೂತು ಪೈಪಿನಷ್ಟೇ ಅಗಲವಿರುವ ಬಾಲ್ ವಾಲ್ವ್ ಪೂರ್ತಿ ತೆರೆದಾಗ 0.1ರ ಒಳಗೆ. ಎರಡು ಇಂಚಿನ ಬಟರ್‌ಫ್ಲೈ ವಾಲ್ವ್ ಒಂದಕ್ಕಿಂತ ಸ್ವಲ್ಪ ಕಮ್ಮಿ. ಗ್ಲೋಬ್ ವಾಲ್ವ್ ಪೂರ್ತಿ ತೆರೆದಿದ್ದರೂ 10ರ ಹತ್ತಿರ, ಯಾಕೆಂದರೆ ಅದರೊಳಗೆ ನೀರು ನೇರ ಹೋಗದೆ ಮೇಲೆ ಹತ್ತಿ, ಸೀಟಿನ ತೂತಿನಲ್ಲಿ ನುಗ್ಗಿ, ಮತ್ತೆ ತಿರುಗಿ ಹೊರಗೆ ಬರಬೇಕು.

ಈಗ ನಮ್ಮ ಪೈಪಿನ ಅಂಕಿ ಎಷ್ಟು ನೋಡಿ. 150 ಮೀಟರ್ ಉದ್ದ, ಬೆಂಡುಗಳು, ಎಲ್ಲ ಸೇರಿ ಸುಮಾರು 64. ಆ 64ರ ಮುಂದೆ ಅರ್ಧ ಮುಚ್ಚಿದ ಗೇಟಿನ 2 ಯಾವ ಲೆಕ್ಕ? ಅದಕ್ಕೇ ನೀರು ಕಮ್ಮಿಯಾಗುವುದಿಲ್ಲ. ವಾಲ್ವ್ ನೀರನ್ನು ಹಿಡಿತಕ್ಕೆ ತರಬೇಕಾದರೆ ಅದರ ತಡೆ ಪೈಪಿನ ತಡೆಯನ್ನು ಮೀರಬೇಕು. ಈ ಲೈನಿನಲ್ಲಿ ನಿಮಿಷಕ್ಕೆ 90 ಲೀಟರ್ ಹರಿದಾಗ ಪೈಪಿನಲ್ಲಿ ಕಳೆಯುವ ಒತ್ತಡ 2 ಮೀಟರಿಗಿಂತ ಕಮ್ಮಿ. ಉಳಿದ 10 ಮೀಟರನ್ನು ವಾಲ್ವ್ ಒಂದೇ ತಿನ್ನಬೇಕು. ಅದಕ್ಕೆ ಬೇಕಾದ K ಸುಮಾರು 340. ಗೇಟಿನ ತುದಿ ಸೀಟಿಗೆ ಇನ್ನೇನು ಮುಟ್ಟುತ್ತದೆ ಎನ್ನುವಾಗ ಮಾತ್ರ ಅಷ್ಟು ಬರುತ್ತದೆ.

ಹತ್ತು ಮೀಟರ್ ಒತ್ತಡ ಒಂದು ಸಣ್ಣ ಸಂದಿಯಲ್ಲಿ ಬಿಡುಗಡೆಯಾದರೆ ನೀರಿನ ವೇಗ ಸೆಕೆಂಡಿಗೆ ಸುಮಾರು 14 ಮೀಟರ್. ಗಂಟೆಗೆ 50 ಕಿ.ಮೀ. ಅದರ ಜೊತೆ ಹೊಳೆ ಮರಳು, ಕೆಮ್ಮಣ್ಣು. ಗೇಟು ಸಡಿಲವಾಗಿ ತನ್ನ ತೋಡಿನಲ್ಲಿ ಕೂತಿರುವ ತಟ್ಟೆ. ಪೂರ್ತಿ ಮುಚ್ಚಿದಾಗ ಎರಡು ಸೀಟಿನ ನಡುವೆ ಬಿಗಿಯಾಗುತ್ತದೆ, ಪೂರ್ತಿ ತೆರೆದಾಗ ನೀರಿನ ದಾರಿಯಿಂದಲೇ ಮೇಲೆ ಹೋಗಿಬಿಡುತ್ತದೆ. ನಡುವೆ ಎಲ್ಲೇ ನಿಲ್ಲಿಸಿದರೂ ಅದಕ್ಕೆ ಆಸರೆ ಇಲ್ಲ, ನೀರಿನ ಹೊಡೆತಕ್ಕೆ ಅದುರುತ್ತದೆ.

ಹಳೆ ವಾಲ್ವನ್ನು ಬಿಚ್ಚಿ ನೋಡಿದಾಗ ಗೇಟಿನ ಮೇಲಿನ ಮುಕ್ಕಾಲು ಭಾಗ ಹೊಸದರಂತೇ ಇತ್ತು. ಕೆಳಗಿನ ಅಂಚು ಮಾತ್ರ ಉಗುರಿಗೆ ಸಿಗುವಷ್ಟು ಕೊರೆದು, ತಿಕ್ಕಿದ ಹಿತ್ತಾಳೆಯಂತೆ ಮಿನುಗುತ್ತಿತ್ತು. ಒಳಗಿನ ಸೀಟಿನ ರಿಂಗಿನಲ್ಲೂ ಕೆಳಗಿನ ಜಾಗದಲ್ಲೇ, ನೀರು ಹರಿವ ದಿಕ್ಕಿಗೆ, ತಂತಿಯಿಂದ ಗೀರಿದಂಥ ಸಣ್ಣ ಸಣ್ಣ ಗೆರೆಗಳು. ತೋಡಿನ ಎರಡೂ ಬದಿ ಸವೆದು ಗೇಟು ಕೈಯಲ್ಲಿ ಅಲ್ಲಾಡಿಸಿದರೆ ಲಟಲಟ ಎನ್ನುತ್ತಿತ್ತು. ಕೆಳಗೆ ಮಾತ್ರ ಇರುವ ಈ ಗೆರೆಗಳನ್ನು ಕಂಡರೆ ಬೇರೆ ವಿಚಾರಣೆ ಬೇಡ. ಆ ವಾಲ್ವನ್ನು ಅರೆಬರೆ ತೆರೆದಿಟ್ಟು ಓಡಿಸಿದ್ದಾರೆ. ತುಕ್ಕಿನಿಂದಲೋ ಕೆಟ್ಟ ಲೋಹದಿಂದಲೋ ಹಾಳಾಗಿದ್ದರೆ ಸುತ್ತಲೂ ಒಂದೇ ಸಮ ತಿಂದಿರುತ್ತದೆ.

ಬದಲಿಗೆ ಏನು ಹಾಕಿದ್ದು

ಇಲ್ಲಿ ವಾಲ್ವಿಗೆ ಎರಡು ಬೇರೆ ಕೆಲಸಗಳಿವೆ. ಒಂದು, ನೀರನ್ನು ಪೂರ್ತಿ ಬಿಡುವುದು ಅಥವಾ ಪೂರ್ತಿ ನಿಲ್ಲಿಸುವುದು. ಇನ್ನೊಂದು, ಬಿಟ್ಟ ನೀರನ್ನು ಹದ ಮಾಡುವುದು. ಎರಡನ್ನೂ ಒಂದೇ ವಾಲ್ವಿಗೆ ಹೊರಿಸಿದ್ದೇ ತೊಂದರೆಯ ಮೂಲ. ಹಾಗಾಗಿ ಹಿಂದೆ ಎರಡು ಇಂಚಿನ ಹೊಸ ಗೇಟ್ ವಾಲ್ವ್ ಹಾಕಿದೆವು, ಅದು ತೆರೆದಿರಬೇಕು ಇಲ್ಲವೇ ಮುಚ್ಚಿರಬೇಕು, ನಡುವೆ ನಿಲ್ಲಬಾರದು. ಅದರ ಮುಂದೆ ಹದ ಮಾಡಲು ಗ್ಲೋಬ್ ವಾಲ್ವ್.

ಗ್ಲೋಬಿನಲ್ಲಿ ತಟ್ಟೆ ಸೀಟಿನ ಮೇಲೆ ನೇರ ಇಳಿಯುತ್ತದೆ. ಕಂಬಿ ಅದನ್ನು ಗಟ್ಟಿಯಾಗಿ ಹಿಡಿದಿರುತ್ತದೆ, ಅಲುಗುವುದಿಲ್ಲ. ತಟ್ಟೆ ಮೇಲೇಳುತ್ತಿದ್ದಂತೆ ಸುತ್ತಲೂ ಸಮನಾಗಿ ದಾರಿ ತೆರೆಯುತ್ತದೆ, ಸವೆತವೂ ಒಂದೇ ಕಡೆ ಆಗದೆ ಸುತ್ತಲೂ ಹಂಚಿಹೋಗುತ್ತದೆ. ಕೆಲವು ವಾಲ್ವುಗಳಲ್ಲಿ ತಟ್ಟೆಯ ವಾಷರನ್ನು ಮಾತ್ರ ಬದಲಾಯಿಸಬಹುದು, ಕೊಳ್ಳುವಾಗ ಅಂಥದ್ದನ್ನೇ ಕೇಳಿ.

ಆದರೆ ಎಷ್ಟು ಇಂಚಿನದ್ದು? ಇಲ್ಲಿ ಹೆಚ್ಚಿನವರು ಎಡವುತ್ತಾರೆ. ಪೈಪ್ ಎರಡು ಇಂಚು, ಹಾಗಾದರೆ ವಾಲ್ವೂ ಎರಡು ಇಂಚು ಎಂದು ತಂದುಬಿಡುತ್ತಾರೆ. ಲೆಕ್ಕ ಹಾಕಿ ನೋಡೋಣ.

```
Kv = Q / √ΔP
```

Kv ಎಂದರೆ ವಾಲ್ವ್ ಎಷ್ಟು ನೀರು ಬಿಡಬಲ್ಲದು ಎಂದು ತೋರಿಸುವ ಅಂಕಿ. Q ಎಂದರೆ ಗಂಟೆಗೆ ಎಷ್ಟು ಘನ ಮೀಟರ್ ನೀರು. ΔP ಎಂದರೆ ವಾಲ್ವ್ ತಿನ್ನುವ ಒತ್ತಡ, ಬಾರ್ ಲೆಕ್ಕದಲ್ಲಿ. ನಿಮಿಷಕ್ಕೆ 90 ಲೀಟರ್ ಎಂದರೆ ಗಂಟೆಗೆ 5.4 ಘನ ಮೀಟರ್. ಹತ್ತು ಮೀಟರ್ ಎಂದರೆ ಸುಮಾರು ಒಂದು ಬಾರ್. ಹಾಗಾಗಿ ಬೇಕಾದ Kv ಸುಮಾರು 5.4. ಎರಡು ಇಂಚಿನ ಗ್ಲೋಬ್ ಪೂರ್ತಿ ತೆರೆದಾಗ Kv 30ರ ಆಸುಪಾಸು. ನಮಗೆ ಬೇಕಾದದ್ದು ಅದರ ಆರನೇ ಒಂದು ಭಾಗಕ್ಕೂ ಸ್ವಲ್ಪ ಹೆಚ್ಚಷ್ಟೇ, ಅಂದರೆ ಆ ವಾಲ್ವೂ ಸೀಟಿಗೆ ಅಂಟಿಕೊಂಡೇ ಕೆಲಸ ಮಾಡಬೇಕು. ಗೇಟಿನ ಪಾಡೇ ಅದಕ್ಕೂ ಬರುತ್ತದೆ, ಸ್ವಲ್ಪ ತಡವಾಗಿ. ಒಂದು ಇಂಚಿನ ಗ್ಲೋಬ್ ಆದರೆ ಪೂರ್ತಿ ತೆರೆದಾಗ 8ರ ಹತ್ತಿರ. 5.4 ಎಂದರೆ ಅದರ ಮೂರನೇ ಎರಡು ಭಾಗ. ಆ ವಾಲ್ವ್ ಅರ್ಧಕ್ಕಿಂತ ಮೇಲೆ ತೆರೆದುಕೊಂಡು ಆರಾಮಾಗಿ ಕೆಲಸ ಮಾಡುತ್ತದೆ, ಎರಡೂ ಕಡೆ ಹೊಂದಿಸಲು ಜಾಗವಿರುತ್ತದೆ. ಮಾಡೆಲ್‌ಗೊಂದರಂತೆ ಅಂಕಿ ಬದಲಾಗುತ್ತದೆ, ತಯಾರಕರ ಪಟ್ಟಿಯಲ್ಲಿ Kv ಕೊಟ್ಟಿದ್ದರೆ ಅದನ್ನೇ ನೋಡಿ.

ಹಾಗಾಗಿ ರೆಡ್ಯೂಸರ್ ಹಾಕಿ ಒಂದು ಇಂಚಿಗೆ ಇಳಿಸಿ ಗ್ಲೋಬ್ ಕೂರಿಸಿದೆವು. ಎರಡು ಇಂಚಿನ ಪೈಪಿಗೆ ಒಂದು ಇಂಚಿನ ವಾಲ್ವ್ ಎಂದರೆ ಮೇಸ್ತ್ರಿಗೆ ಮೊದಲು ಒಪ್ಪಿಗೆಯಾಗಲಿಲ್ಲ, ನೀರು ಕಟ್ಟಿಹೋಗುತ್ತದೆ ಎಂದರು. ಅವರ ಭಯ ಸುಮ್ನೆ ಅಲ್ಲ, ನೀರು ಪೂರ್ತಿ ಬೇಕಾದ ಲೈನಾಗಿದ್ದರೆ ಅವರು ಹೇಳಿದ್ದೇ ಸರಿ. ಇಲ್ಲಿ ಒತ್ತಡವನ್ನು ತಿನ್ನಿಸುವುದೇ ವಾಲ್ವಿನ ಕೆಲಸ. ಪೈಪ್ ತೊಳೆಯಲು ಒಮ್ಮೊಮ್ಮೆ ಪೂರ್ತಿ ನೀರು ಬೇಕಾಗುತ್ತದೆ, ಅದಕ್ಕೆ ಪಕ್ಕದಲ್ಲೇ ಒಂದು ಬೈಪಾಸ್ ಇಟ್ಟೆವು.

ಕೂರಿಸುವಾಗ ಎರಡು ವಿಷಯ ನೋಡಿಕೊಳ್ಳಿ. ಗ್ಲೋಬಿನ ಮೈಮೇಲೆ ಬಾಣದ ಗುರುತು ಇರುತ್ತದೆ. ನೀರು ತಟ್ಟೆಯ ಕೆಳಗಿನಿಂದ ಬಂದು ಮೇಲೆ ಹೋಗಬೇಕು. ತಿರುಗಾಮುರುಗಾ ಹಾಕಿದರೆ, ಕಮ್ಮಿ ತೆರೆದಾಗ ನೀರೇ ತಟ್ಟೆಯನ್ನು ಸೀಟಿಗೆ ಎಳೆದು ಬಡಿಸುತ್ತದೆ. ಹೊಸ ಗ್ಲೋಬ್ ಹಾಕಿದರೂ ಅದುರುತ್ತಿದೆ ಎಂದರೆ ಮೊದಲು ಬಾಣ ನೋಡಿ. ಎರಡನೆಯದು ಕಸ. ಗ್ಲೋಬಿನ ಒಳದಾರಿ ಅಂಕುಡೊಂಕು, ಎಲೆ ಕಡ್ಡಿ ಅಲ್ಲೇ ಸಿಕ್ಕಿಕೊಳ್ಳುತ್ತವೆ. ತೆರೆಯುವ ಸುತ್ತು ಬದಲಾಗದೆ ನೀರು ಮಾತ್ರ ದಿನದಿನಕ್ಕೆ ಕಮ್ಮಿಯಾಗುತ್ತಿದ್ದರೆ ಅದೇ ಕಾರಣ. ಹಿಂದೆ ಒಂದು ಜಾಲರಿ ಇರಲೇಬೇಕು, ನಮ್ಮ ಮಳೆಗಾಲದ ನೀರಿಗಂತೂ.

ಲೈನ್ ಮನೆಗೆ ನೀರು ಕಮ್ಮಿಯಾದದ್ದು

ಅದೇ ತೋಟದಲ್ಲಿ ಇನ್ನೊಂದು ದೂರು ಇತ್ತು, ಇದು ಮೊದಲಿನದಕ್ಕೆ ತದ್ವಿರುದ್ಧ. ಕೆಲಸಗಾರರು ಇರುವ ಲೈನ್ ಮನೆಗಳ ಸಣ್ಣ ಟ್ಯಾಂಕಿನಿಂದ ಕೆಳಗಿನ ತೊಟ್ಟಿಗೆ 20 ಮೀಟರ್ ಪೈಪ್, ಎತ್ತರ ಬರೀ 3 ಮೀಟರ್. ಹಳೆ ಗೇಟ್ ವಾಲ್ವ್ ಸೋರುತ್ತದೆಂದು ಯಾರೋ ಪ್ಲಂಬರ್ ಗ್ಲೋಬ್ ಹಾಕಿಕೊಟ್ಟಿದ್ದರು, ಗ್ಲೋಬ್ ಗಟ್ಟಿ ಎಂಬ ನಂಬಿಕೆಯಿಂದ. ಅಂದಿನಿಂದ ತೊಟ್ಟಿ ತುಂಬಲು ಬಹಳ ಹೊತ್ತು ಹಿಡಿಯುತ್ತಿತ್ತು.

ಇಲ್ಲಿ ಪೈಪಿನ ತಡೆ ಎಲ್ಲ ಸೇರಿ 11 ಅಥವಾ 12 ಅಷ್ಟೇ. ಅದಕ್ಕೆ ಗ್ಲೋಬಿನ 10 ಸೇರಿದರೆ ಹೆಚ್ಚುಕಮ್ಮಿ ಇಮ್ಮಡಿ. ಲೆಕ್ಕದಲ್ಲಿ ನಿಮಿಷಕ್ಕೆ 264 ಲೀಟರ್ ಬರಬೇಕಾದದ್ದು 195ಕ್ಕೆ ಇಳಿಯುತ್ತದೆ, ವಾಲ್ವ್ ಪೂರ್ತಿ ತೆರೆದಿದ್ದರೂ. ಎರಡು ಇಂಚಿನ ಗ್ಲೋಬ್ ಒಂದು ಸುಮಾರು 17 ಮೀಟರ್ ಪೈಪಿಗೆ ಸಮ. ಗೇಟ್ ಆದರೆ ಅರ್ಧ ಮೀಟರಿಗಿಂತ ಕಮ್ಮಿ. 150 ಮೀಟರ್ ಲೈನಿನಲ್ಲಿ 17 ಮೀಟರ್ ದೊಡ್ಡದಲ್ಲ, 20 ಮೀಟರ್ ಲೈನಿನಲ್ಲಿ ಬಹಳ ದೊಡ್ಡದು. ಎತ್ತರ ಕಮ್ಮಿ, ಪೈಪ್ ಗಿಡ್ಡ ಇರುವ ಕಡೆ ಗ್ಲೋಬ್ ಬೇಡವೇ ಬೇಡ. ಪಂಪಿನ ಸಕ್ಷನ್ ಕಡೆಯೂ ಹಾಗೆಯೇ, ಅಲ್ಲಿ ಒಂದು ಮೀಟರ್ ಕಳೆದರೂ ಪಂಪ್ ನೀರು ಎಳೆಯಲು ಒದ್ದಾಡುತ್ತದೆ.

ಇಲ್ಲಿ ಪೂರ್ಣ ಬೋರಿನ ಬಾಲ್ ವಾಲ್ವ್ ಹಾಕಿದೆವು. ಕೊಳ್ಳುವಾಗ ಒಳಗೆ ಬೆರಳಿಟ್ಟು ನೋಡಿ, ಎರಡು ಇಂಚಿನದ್ದು ಎಂದು ಕೊಟ್ಟರೂ ಗುಂಡಿನ ತೂತು ಒಂದೂವರೆ ಇಂಚು ಇರುವ ಮಾಲೂ ಬರುತ್ತದೆ.

ಬಾಲ್ ವಾಲ್ವನ್ನು ಪಲ್ಪರ್ ಲೈನಿಗೆ ಯಾಕೆ ಹಾಕಲಿಲ್ಲ

ಕೇಳಿದವರು ತುಂಬಾ ಜನ. ಬಾಲ್ ಅಗ್ಗ, ಕಾಲು ಸುತ್ತಿಗೆ ತೆರೆಯುತ್ತದೆ, ಸೋರುವುದಿಲ್ಲ. ನಿಜ. ಆದರೆ ಅರೆಬರೆ ತೆರೆದಿಟ್ಟರೆ ಅದರ ಬಿಳಿ ಸೀಟಿನ ಒಂದೇ ಕಡೆಗೆ ನೀರಿನ ಹೊಡೆತ ಬೀಳುತ್ತದೆ. ಸೀಟು ಹಿಗ್ಗಿ ಹರಿದು, ಆಮೇಲೆ ಮುಚ್ಚಿದರೂ ಸೋರುತ್ತದೆ. ಹದ ಮಾಡಲು ಹಿಡಿಕೆ ಕೂದಲೆಳೆಯಷ್ಟು ಸರಿಸಬೇಕು, ಯಾರದೋ ಕೈ ತಾಗಿದರೂ ಲೆಕ್ಕ ತಪ್ಪುತ್ತದೆ.

ಇನ್ನೊಂದು ಅಪಾಯ ಇದಕ್ಕಿಂತ ದೊಡ್ಡದು. ನೀರು ಸೆಕೆಂಡಿಗೆ 1.9 ಮೀಟರ್ ವೇಗದಲ್ಲಿ ಬರುತ್ತಿರುವಾಗ ಬಾಲ್ ವಾಲ್ವನ್ನು ಪಟ್ಟನೆ ಮುಚ್ಚಿದರೆ, 150 ಮೀಟರ್ ಉದ್ದದ ಆ ನೀರೆಲ್ಲ ಒಮ್ಮೆಲೇ ನಿಲ್ಲಬೇಕು. ಪಿವಿಸಿಯಲ್ಲಿ ಒತ್ತಡದ ಅಲೆ ಸೆಕೆಂಡಿಗೆ ಸುಮಾರು 400 ಮೀಟರ್ ಓಡುತ್ತದೆ ಎಂದಿಟ್ಟುಕೊಂಡರೆ, ಮುಕ್ಕಾಲು ಸೆಕೆಂಡಿನೊಳಗೆ ಮುಚ್ಚಿದಾಗ ಏಳುವ ಒತ್ತಡ ಸುಮಾರು 78 ಮೀಟರ್. ಈಗಾಗಲೇ ಇರುವ 12ರ ಜೊತೆ ಸೇರಿದರೆ 9 ಕೆ.ಜಿ. ತೋಟಗಳಲ್ಲಿ ಹಾಕಿರುವ 4 ಕೆ.ಜಿ., 6 ಕೆ.ಜಿ. ಪೈಪಿನ ಜಾಯಿಂಟ್ ಇದಕ್ಕೆ ಬಿಡುತ್ತದೆ. ಮುಚ್ಚುವಾಗ ಧಡ್ ಎಂದು ಸದ್ದು ಬಂದು, ಆಮೇಲೆ ವಾಲ್ವಿನಿಂದ ದೂರ ಎಲ್ಲೋ ಜಾಯಿಂಟ್ ಬಿಟ್ಟಿದ್ದರೆ ಕಾರಣ ಇದೇ. ಉದ್ದ ಲೈನಿನ ತುದಿಗೆ ಗೇಟ್ ಅಥವಾ ಗ್ಲೋಬ್ ಒಳ್ಳೆಯದು, ಹಲವು ಸುತ್ತು ತಿರುಗಿಸಲೇಬೇಕಾದ್ದರಿಂದ ಬೇಗ ಮುಚ್ಚಲು ಆಗುವುದಿಲ್ಲ. ಬಾಲ್ ಇದ್ದೇ ಇದೆ ಎಂದಾದರೆ ಹತ್ತು ಎಣಿಸುತ್ತಾ ನಿಧಾನ ಮುಚ್ಚಲು ಹೇಳಿಕೊಡಿ.

ಬಟರ್‌ಫ್ಲೈಗೆ ತಕ್ಕ ಜಾಗ

ಎರಡು ಇಂಚಿಗೆ ಬಟರ್‌ಫ್ಲೈ ಹುಡುಕಿಕೊಂಡು ಹೋಗಬೇಕಿಲ್ಲ. ಅದರ ಜಾಗ ಹೂ ಮಳೆ ಬಾರದ ವರ್ಷ ಫೆಬ್ರವರಿ, ಮಾರ್ಚಿನಲ್ಲಿ ಕೆರೆಯಿಂದ ಸ್ಪ್ರಿಂಕ್ಲರಿಗೆ ನೀರು ಹೊಡೆಯುವ ನಾಲ್ಕು ಇಂಚಿನ ಲೈನು. ಅಷ್ಟು ದೊಡ್ಡ ಗ್ಲೋಬ್ ಭಾರ, ದುಬಾರಿ, ಡೀಸೆಲ್ಲನ್ನೂ ಸುಡಿಸುತ್ತದೆ. ಬಟರ್‌ಫ್ಲೈ ತೆಳ್ಳಗೆ ಎರಡು ಫ್ಲೇಂಜಿನ ನಡುವೆ ಕೂರುತ್ತದೆ, ತಡೆಯೂ ಕಮ್ಮಿ, ಒಂದು ಮಟ್ಟಿಗೆ ಹದವನ್ನೂ ಮಾಡಬಹುದು. ತಟ್ಟೆ 30ರಿಂದ 70 ಡಿಗ್ರಿ ತೆರೆದಿರುವಾಗ ಮಾತ್ರ ಹಿಡಿತ ಚೆನ್ನಾಗಿರುತ್ತದೆ. ಅದಕ್ಕಿಂತ ಕೆಳಗೆ ನಿಲ್ಲಿಸಿದರೆ ರಬ್ಬರ್ ಸೀಟು ಕೊರೆಯುತ್ತದೆ, ಹಿಡಿಕೆ ಅದುರಿ ತಾನೇ ಸರಿಯುತ್ತದೆ. ಹದ ಮಾಡುವುದಿದ್ದರೆ ಗೇರ್ ಇರುವ ಹಿಡಿಕೆಯದ್ದೇ ತೆಗೆದುಕೊಳ್ಳಿ.

ಎಚ್‌ಡಿಪಿಇ ಲೈನಿನಲ್ಲಿ ಒಂದು ದೋಷ ಪದೇ ಪದೇ ಸಿಗುತ್ತದೆ: ವಾಲ್ವ್ ಪೂರ್ತಿ ತೆರೆಯುವುದೇ ಇಲ್ಲ, ನಡುವೆ ಗಟ್ಟಿಯಾಗಿ ನಿಲ್ಲುತ್ತದೆ. ವಾಲ್ವ್ ಕೆಟ್ಟಿರುವುದಿಲ್ಲ. ಆ ಪೈಪಿನ ಗೋಡೆ ದಪ್ಪ, ತೆರೆಯುವಾಗ ತಟ್ಟೆಯ ಅಂಚು ಪೈಪಿನ ಒಳಗೋಡೆಗೆ ತಾಗುತ್ತಿರುತ್ತದೆ. ಒಳ ಅಂಚನ್ನು ಇಳಿಜಾರಾಗಿ ಕೆತ್ತಿಸಿ ಅಥವಾ ನಡುವೆ ಒಂದು ಸ್ಪೇಸರ್ ಹಾಕಿಸಿ.

ಎತ್ತರ ತೀರಾ ಜಾಸ್ತಿ ಇದ್ದರೆ

ಮಡಿಕೇರಿ ಕಡೆಯ ಕಡಿದಾದ ತೋಟಗಳಲ್ಲಿ ಟ್ಯಾಂಕಿಗೂ ಕಣಕ್ಕೂ 40 ಮೀಟರ್ ಇಳಿತ ಇರುವುದು ಅಪರೂಪವಲ್ಲ. ಅಲ್ಲಿ ಮೇಲೆ ಹೇಳಿದ ಗ್ಲೋಬ್ ಒಂದೇ ಸಾಲದು. ಜಲ್ಲಿ ಹರಿದಂಥ ಸದ್ದು ಗ್ಲೋಬಿನಲ್ಲೂ ಬರುತ್ತದೆ. ವಾಲ್ವಿನ ಮುಂದೆ ನೀರು ಬಯಲಿಗೆ ಬೀಳುತ್ತಿದ್ದರೆ, ಸಂದಿಯಲ್ಲಿ ಒತ್ತಡ ಇಳಿಯುವುದನ್ನು ತಡೆಯಲು ಇರುವುದು ಹೊರಗಿನ ಗಾಳಿಯ ಒತ್ತಡ ಮಾತ್ರ. ಅದು ಸಮುದ್ರಮಟ್ಟದಲ್ಲಿ ನೀರಿನ ಲೆಕ್ಕದಲ್ಲಿ 10.3 ಮೀಟರ್, ಇಲ್ಲಿ ಸಾವಿರ ಮೀಟರ್ ಎತ್ತರದಲ್ಲಿ 9ರ ಸುಮಾರು. 40 ಮೀಟರನ್ನು ಒಂದೇ ಸೀಟಿನಲ್ಲಿ ಬೀಳಿಸಿದರೆ ಆ 9 ಸಾಕಾಗುವುದಿಲ್ಲ.

ನಾನು ಅಲ್ಲಿ ಮೊದಲು ನೋಡುವುದು ಇಳಿಜಾರಿನ ನಡುವೆ ಒಂದು ಸಣ್ಣ ತೊಟ್ಟಿ ಕಟ್ಟಲು ಜಾಗವಿದೆಯೇ ಎಂದು. ಫ್ಲೋಟ್ ವಾಲ್ವ್ ಇರುವ ತೊಟ್ಟಿಗೆ ನೀರು ಬಿದ್ದು, ಒತ್ತಡ ಅಲ್ಲೇ ಮುರಿದು, ಅಲ್ಲಿಂದ ಹೊಸದಾಗಿ ಇಳಿಯುತ್ತದೆ. ಜಾಗವಿಲ್ಲದಿದ್ದರೆ ಕೊನೆಯ ಒಂದಷ್ಟು ದೂರ ಒಂದು ಇಂಚಿನ ಪೈಪ್ ಹಾಕಿ. ನಿಮಿಷಕ್ಕೆ 90 ಲೀಟರ್ ಹರಿಯುವಾಗ ಒಂದು ಇಂಚಿನ ಪೈಪ್ ಪ್ರತಿ ಹತ್ತು ಮೀಟರಿಗೆ 4 ಮೀಟರಿನಷ್ಟು ಒತ್ತಡ ತಿನ್ನುತ್ತದೆ. ಸವೆಯುವ ಭಾಗವೇ ಇಲ್ಲ. ಉಳಿದದ್ದನ್ನು ಗ್ಲೋಬ್ ಹೊಂದಿಸಿಕೊಳ್ಳುತ್ತದೆ.

ಕೆಲಸ ಮುಗಿದ ಮೇಲೆ ಪರೀಕ್ಷೆ

ಸುಂಟಿಕೊಪ್ಪದ ಲೈನಿಗೆ ಮತ್ತೆ ಅದೇ ಡ್ರಮ್ ಇಟ್ಟು ನೋಡಬೇಕು. ಹಿಂದಿನ ಗೇಟ್ ಪೂರ್ತಿ ತೆರೆದಿರಲಿ. ಗ್ಲೋಬನ್ನು ಹೊಂದಿಸಿ ಡ್ರಮ್ 2 ನಿಮಿಷ 13 ಸೆಕೆಂಡಿಗೆ ತುಂಬುವಂತೆ ಮಾಡಿ, ಅದೇ 90 ಲೀಟರ್. ಆಗ ಗೇಜ್ 1 ಕೆ.ಜಿ. ಹತ್ತಿರ ನಿಲ್ಲಬೇಕು. ಹಿಡಿಕೆಯ ಮೇಲೆ ಕೈಯಿಟ್ಟರೆ ಬಡಿತ ಇರಬಾರದು. ಒಂದು ಸುತ್ತು ಆಚೀಚೆ ತಿರುಗಿಸಿದರೆ ನೀರು ಅಷ್ಟಕ್ಕೇ ಏರಿಳಿಯಬೇಕು, ಒಮ್ಮೆಲೇ ಅಲ್ಲ. ಸರಿಯಾದ ಜಾಗಕ್ಕೆ ಬಂದಾಗ ಎಷ್ಟು ಸುತ್ತು ತೆರೆದಿದೆ ಎಂದು ಎಣಿಸಿ ಪಲ್ಪರ್ ಮನೆಯ ಗೋಡೆಯ ಮೇಲೆ ಬಣ್ಣದಲ್ಲಿ ಬರೆದಿಡಿ. ಸಂಜೆ ಕೆಲಸ ಮುಗಿದಾಗ ಮುಚ್ಚಬೇಕಾದದ್ದು ಹಿಂದಿನ ಗೇಟನ್ನು, ಗ್ಲೋಬನ್ನಲ್ಲ. ಸೀಸನ್ ನಡುವೆ ಒಮ್ಮೆ ಗೇಜ್ ನೋಡಿ: ಅದೇ ಸುತ್ತಿಗೆ ಮುಳ್ಳು ಮೇಲೇರಿ ನೀರು ಇಳಿದಿದ್ದರೆ ಗ್ಲೋಬಿನಲ್ಲಿ ಕಸ ಸಿಕ್ಕಿದೆ, ಮುಳ್ಳೂ ನೀರೂ ಎರಡೂ ಇಳಿದಿದ್ದರೆ ಮೇಲೆ ಹೋಗಿ ಟ್ಯಾಂಕಿನ ಜಾಲರಿ ತೊಳೆಯಿರಿ.